ಕೇಳಿದ ಕಥೆ ಮನೆತನಕ ಬಂದಾಗ: ಒಬ್ಬ ಕೌನ್ಸೆಲರ್‌ಗೆ ಸೂಪರ್‌ವಿಷನ್ ಸಿಕ್ಕ ಬಗೆ

ನಾನು ಒಂದು ಜಿಲ್ಲಾ ಕೇಂದ್ರದಲ್ಲಿ ಕೌನ್ಸೆಲರ್. ಪೋಕ್ಸೋ ಪ್ರಕರಣಗಳ ಮಕ್ಕಳು ಮತ್ತು ಅವರ ತಾಯಂದಿರ ಜೊತೆ ಕೆಲಸ ಮಾಡುತ್ತೇನೆ. ಕಳೆದ ವರ್ಷ ಈ ಕೆಲಸ ಬಿಟ್ಟುಬಿಡೋಣ ಅನ್ನುವ ಹಂತಕ್ಕೆ ಬಂದಿದ್ದೆ. ಬಿಡಲಿಲ್ಲ. ಸುಮಾರು ಒಂದು ವರ್ಷದಿಂದ ಹದಿನೈದು ದಿನಕ್ಕೊಮ್ಮೆ ಸೂಪರ್‌ವಿಷನ್ ತೆಗೆದುಕೊಳ್ಳುತ್ತಿದ್ದೇನೆ, ಅಂದರೆ ಈ ಕೆಲಸದಲ್ಲಿ ಅನುಭವ ಇರುವ ಹಿರಿಯರೊಬ್ಬರ ಜೊತೆ ಕೂತು ಪ್ರಕರಣಗಳ ಬಗ್ಗೆ, ಅವುಗಳಿಂದ ನನಗೆ ಏನಾಗುತ್ತಿದೆ ಅನ್ನುವುದರ ಬಗ್ಗೆ ಮಾತಾಡುತ್ತೇನೆ. ಅದಕ್ಕಾಗಿ ಯಾರನ್ನು ಕೇಳಬೇಕು, ಏನು ಬರೆದುಕೊಡಬೇಕು, ಒಳಗೆ ಕೂತಾಗ ಏನು ನಡೆಯುತ್ತದೆ, ಇದ್ಯಾವುದನ್ನೂ ಆಗ ನನಗೆ ಹೇಳುವವರು ಇರಲಿಲ್ಲ. ಹಳ್ಳಿ, ತಾಲೂಕು, ಜಿಲ್ಲೆಗಳಲ್ಲಿ ಒಬ್ಬರೇ ಕೂತು ಈ ಕೆಲಸ ಮಾಡುತ್ತಿರುವ ಆಪ್ತಸಮಾಲೋಚಕರು, ನರ್ಸ್‌ಗಳು, ಸೋಶಿಯಲ್ ವರ್ಕರ್‌ಗಳು ತುಂಬಾ ಜನ ಇದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮಗುವಿನ ವಿಷಯ ಬರುವ ಕಡೆ ಗುರುತು ಸಿಗದ ಹಾಗೆ ಎಲ್ಲ ವಿವರ ಬದಲಿಸಿದ್ದೇನೆ.

ಶುರುವಾಗಿದ್ದು ನಿದ್ದೆಯಿಂದ. ರಾತ್ರಿ ಎರಡು ಗಂಟೆಗೆ ಎಚ್ಚರವಾಗುತ್ತಿತ್ತು. ಎದ್ದು ಮಗಳು ಮಲಗಿರುವ ಕೋಣೆಯ ಬಾಗಿಲು ನೋಡಿ ಬರುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮತ್ತೆ ಎದ್ದು ನೋಡುತ್ತಿದ್ದೆ. ಮಗಳು ಆಗ ನಾಲ್ಕನೇ ಕ್ಲಾಸು. ವರ್ಷಗಳಿಂದ ಅವಳನ್ನು ಶಾಲೆಗೆ ಬಿಡುತ್ತಿದ್ದ ಆಟೋ ಅಣ್ಣನ ಮೇಲೆ ಇದ್ದಕ್ಕಿದ್ದಂತೆ ಅನುಮಾನ ಬಂತು. ಕಾರಣ ಏನೂ ಇರಲಿಲ್ಲ. ನನ್ನ ಸ್ವಂತ ಭಾವ ಅವಳನ್ನು ಎತ್ತಿ ಮುದ್ದು ಮಾಡಿದರೂ ಎದೆ ಧಸಕ್ ಅನ್ನುತ್ತಿತ್ತು. ಗಂಡ ಒಂದು ಸಲ ನೇರವಾಗಿ ಕೇಳಿದರು, "ನಮ್ಮ ಮನೆಯವರನ್ನೇ ನಂಬಲ್ಲ ಅಂದ್ರೆ ಹೇಗೆ?" ಅವರಿಗೆ ಏನು ಹೇಳಬೇಕೋ ಗೊತ್ತಾಗಲಿಲ್ಲ.

ಆಫೀಸಿನಲ್ಲಿ ಆದದ್ದು ಬೇರೆ. ಮಕ್ಕಳು ಮಾತಾಡಲು ಶುರು ಮಾಡಿದಾಗ ನಾನು ಬೇಗ ಸಮಾಧಾನ ಹೇಳಿ ಮಾತು ಮುಗಿಸುತ್ತಿದ್ದೆ. "ಆಯ್ತು ಪುಟ್ಟಾ, ಈಗ ಬಣ್ಣ ಹಚ್ಚೋಣ" ಅನ್ನುತ್ತಿದ್ದೆ. ಮೇಲೆ ನೋಡಿದರೆ ಇದು ಮಗುವಿನ ಮೇಲಿನ ಕಾಳಜಿಯೇ. ಕೇಳಿಸಿಕೊಳ್ಳುವವರು ತುಂಬಿಹೋದಾಗ ಹೀಗೆ ಎದುರಿದ್ದವರ ಮಾತನ್ನು ಗೊತ್ತಿಲ್ಲದೇ ತಡೆಯುತ್ತಾರೆ ಅಂತ ಆಮೇಲೆ ತಿಳಿಯಿತು. ನಿಮಗೂ ಹೀಗಾಗುತ್ತಿದೆಯಾ ಅಂತ ನೋಡಿಕೊಳ್ಳಲು ಸುಲಭದ ದಾರಿ ನಿಮ್ಮ ಫೈಲುಗಳೇ. ಮೊದಲು ಒಂದು ಪುಟ ಬರೆಯುತ್ತಿದ್ದವರು ಈಗ ಮೂರು ಸಾಲು ಬರೆಯುತ್ತಿದ್ದರೆ, ಅದೂ ಒಂದೇ ಬಗೆಯ ಪ್ರಕರಣಗಳಲ್ಲಿ ಮಾತ್ರ ಹಾಗಾಗುತ್ತಿದ್ದರೆ, ಅದನ್ನು ಸುಮ್ನೆ ಸಮಯ ಇಲ್ಲದ್ದಕ್ಕೆ ಅಂದುಕೊಳ್ಳಬೇಡಿ.

ರಜೆ ಹಾಕಿ ತವರಿಗೆ ಹೋದೆ. ಅಮ್ಮ ಅಡುಗೆ ಮಾಡಿ ಹಾಕಿದರು, ಮಧ್ಯಾಹ್ನವೂ ಮಲಗಿದೆ. ಮೈಕೈ ನೋವು ಹೋಯಿತು, ಸಿಡುಕು ಕಡಿಮೆಯಾಯಿತು. ಆದರೆ ರಾತ್ರಿ ಎರಡಕ್ಕೆ ಏಳುವುದು ನಿಲ್ಲಲಿಲ್ಲ. ತವರಿನ ಮನೆಯಲ್ಲೂ ಬಾಗಿಲ ಹತ್ತಿರ ಹೋಗಿ ನಿಂತೆ. ರಜೆಯಿಂದ ಯಾವುದು ಹೋಯಿತು, ಯಾವುದು ಹೋಗಲಿಲ್ಲ ಅನ್ನುವುದು ಆಮೇಲೆ ತುಂಬಾ ಉಪಯೋಗಕ್ಕೆ ಬಂತು. ಕೆಲಸದ ಹೊರೆ, ರಿಪೋರ್ಟು, ಸಂಬಳ ತಡವಾಗುವುದು, ಇವುಗಳಿಂದ ಬರುವ ಬಳಲಿಕೆ ನಿಧಾನವಾಗಿ ಬರುತ್ತದೆ. ರಜೆ, ವಿಶ್ರಾಂತಿ, ಕೆಲಸ ಕಡಿಮೆಯಾಗುವುದು, ಇವುಗಳಿಂದ ಸ್ವಲ್ಪವಾದರೂ ಇಳಿಯುತ್ತದೆ. ಬೇರೆಯವರ ಆಘಾತದ ಕಥೆ ಕೇಳಿ ಬರುವ ತೊಂದರೆ ಹಾಗಲ್ಲ. ಒಂದೇ ಪ್ರಕರಣದಿಂದ ರಾತ್ರೋರಾತ್ರಿ ಶುರುವಾಗಬಹುದು. ಆ ಘಟನೆ ನಮಗೇ ಆದ ಹಾಗೆ ಚಿತ್ರಗಳು ಬರುತ್ತವೆ, ಬೆಚ್ಚಿಬೀಳುತ್ತೇವೆ, ಆ ದಾರಿ ಆ ಮಾತು ತಪ್ಪಿಸುತ್ತೇವೆ. ಇನ್ನೊಂದು ಇನ್ನೂ ನಿಧಾನದ್ದು. ಜಗತ್ತಿನ ಬಗ್ಗೆ ನಮಗಿದ್ದ ನಂಬಿಕೆಯೇ ಬದಲಾಗುತ್ತಾ ಹೋಗುತ್ತದೆ: ಯಾರೂ ಸರಿ ಇಲ್ಲ, ಎಲ್ಲೂ ಸುರಕ್ಷಿತ ಅಲ್ಲ, ನಾನು ಮಾಡಿದ್ದರಿಂದ ಏನೂ ಆಗಲ್ಲ. ನನಗೆ ಈ ಮೂರೂ ಬೆರೆತಿದ್ದವು. ರಜೆ ಮುಟ್ಟಿದ್ದು ಮೊದಲನೆಯದನ್ನು ಮಾತ್ರ.

ಬೇರೆ ಜಿಲ್ಲೆಯ ಗೆಳತಿಯೊಬ್ಬಳು ಫೋನಿನಲ್ಲಿ ನನ್ನ ಮಾತೆಲ್ಲ ಕೇಳಿ, "ಅಕ್ಕಾ, ಒಂದು ಫಾರ್ಮ್ ಕಳಿಸ್ತೀನಿ, ತುಂಬಿ ನೋಡು" ಅಂದಳು. ಅದರ ಹೆಸರು ProQOL. ಹಾಗೇ ಟೈಪ್ ಮಾಡಿ ಹುಡುಕಿದರೆ ಸಿಗುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಅದರಲ್ಲಿ 30 ಹೇಳಿಕೆಗಳಿವೆ. ಕಳೆದ 30 ದಿನಗಳನ್ನು ನೆನೆದು ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ ಕೊಡಬೇಕು. ಕೊನೆಗೆ ಮೂರು ಮೊತ್ತ ಬರುತ್ತವೆ: ಕೆಲಸದಿಂದ ಸಿಗುವ ತೃಪ್ತಿ, ಬಳಲಿಕೆ, ಮತ್ತು ಕೇಳಿದ ಆಘಾತದಿಂದ ಬಂದ ಒತ್ತಡ. ಒಂದೊಂದರಲ್ಲೂ 22ರವರೆಗೆ ಕಡಿಮೆ, 23ರಿಂದ 41 ಮಧ್ಯಮ, 42ರಿಂದ ಮೇಲೆ ಹೆಚ್ಚು. ಬಳಲಿಕೆಯ ಭಾಗದಲ್ಲಿ ಐದು ಹೇಳಿಕೆಗಳ ಅಂಕವನ್ನು ತಿರುಗಿಸಿ ಕೂಡಬೇಕು, ಅಂದರೆ 5 ಇದ್ದದ್ದು 1 ಆಗುತ್ತದೆ. ಇದನ್ನು ಬಿಟ್ಟು ಕೂಡಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ, ಗಮನ ಇರಲಿ. ನನ್ನ ಬಳಲಿಕೆ 30 ಬಂತು. ಆಘಾತದ ಒತ್ತಡ 43. ಆಶ್ಚರ್ಯ ಅಂದರೆ ತೃಪ್ತಿಯೂ 38 ಇತ್ತು. ಅಂದರೆ ಕೆಲಸದ ಮೇಲಿನ ಪ್ರೀತಿ ಹೋಗಿರಲಿಲ್ಲ. ಆ ಅಂಕ ನೋಡಿ ಅಳು ಬಂತು. ನನ್ನ ಮನಸ್ಸು ಕಲ್ಲಾಗಿಹೋಗಿದೆ ಅಂತ ತಿಂಗಳುಗಟ್ಟಲೆ ಅಂದುಕೊಂಡಿದ್ದೆ. ಇದು ರೋಗ ಪತ್ತೆ ಮಾಡುವ ಪರೀಕ್ಷೆ ಅಲ್ಲ. ನಾವು ಎಲ್ಲಿದ್ದೇವೆ ಅಂತ ತಿಳಿದುಕೊಳ್ಳಲು, ಆರು ತಿಂಗಳ ನಂತರ ಹೋಲಿಸಿ ನೋಡಲು ಇರುವ ಅಳತೆ ಅಷ್ಟೇ.

"ನಿನಗೆ ಸೂಪರ್‌ವೈಸರ್ ಯಾರು?" ಅಂತ ಅವಳು ಕೇಳಿದಾಗ ನಮ್ಮ ಇನ್‌ಚಾರ್ಜ್ ಹೆಸರು ಹೇಳಿದೆ. "ಅವರಲ್ಲ. ಕೇಸಿನ ಬಗ್ಗೆ, ನಿನ್ನ ಬಗ್ಗೆ ಮಾತಾಡೋಕೆ ಯಾರಿದ್ದಾರೆ?" ಅಂದಳು. ಯಾರೂ ಇರಲಿಲ್ಲ.

ಇಲ್ಲಿಂದ ಆಫೀಸಿನ ಅಧ್ಯಾಯ ಶುರು. ನಮ್ಮಲ್ಲಿ ತಿಂಗಳಿಗೊಮ್ಮೆ ರಿವ್ಯೂ ಮೀಟಿಂಗ್ ಇರುತ್ತದೆ. ಎಷ್ಟು ಪ್ರಕರಣ ಬಂತು, ಎಷ್ಟು ಮುಗಿಯಿತು, ಎಷ್ಟು ಬಾಕಿ ಅನ್ನುವ ಲೆಕ್ಕ ಅಲ್ಲಿ ನಡೆಯುತ್ತದೆ. ನಾನು ಸೂಪರ್‌ವಿಷನ್ ಬೇಕು ಅಂದಾಗ ಬಂದ ಮೊದಲ ಉತ್ತರ, "ಅದು ನಡೀತಾನೇ ಇದೆಯಲ್ಲ?" ಎರಡನೇ ಉತ್ತರ, "ಬೇಕಿದ್ರೆ ನಾನೇ ಕೂತ್ಕೋತೀನಿ ಬಿಡಿ." ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನಾನು ಗುತ್ತಿಗೆಯ ನೌಕರಳು. ನನ್ನ ರಜೆಗೆ ಸಹಿ ಹಾಕುವವರು ಅವರೇ, ಮುಂದಿನ ವರ್ಷ ನಾನು ಬೇಕಾ ಬೇಡವಾ ಅಂತ ಬರೆಯುವವರೂ ಅವರೇ. ಅಂಥವರ ಮುಂದೆ ಕೂತು "ಮೇಡಂ, ಆ ಮಗು ಬಂದ ದಿನ ನನಗೆ ಕೈ ನಡುಗುತ್ತೆ" ಅಂತ ಹೇಳಲು ಆಗುತ್ತದಾ? ನಾನೇನು, ಯಾರೂ ಹೇಳಲ್ಲ. ಹೇಳದಿದ್ದರೆ ಸೂಪರ್‌ವಿಷನ್ ನಡೆಯುವುದೇ ಇಲ್ಲ. ಆಡಳಿತದ ಮೇಲ್ವಿಚಾರಣೆ ಮತ್ತು ಕ್ಲಿನಿಕಲ್ ಸೂಪರ್‌ವಿಷನ್ ಬೇರೆ ಬೇರೆ ಕೈಯಲ್ಲಿರಬೇಕು ಅನ್ನುವುದಕ್ಕೆ ಇದೇ ಕಾರಣ.

ಹೊರಗಿನವರ ಹತ್ತಿರ ಹೋಗಲು ಆಫೀಸಿನ ಒಪ್ಪಿಗೆ ಬೇಕಿತ್ತು. ಅವರ ಆತಂಕವೂ ಸಣ್ಣದಲ್ಲ. ಪೋಕ್ಸೋ ಪ್ರಕರಣದ ಮಗುವಿನ ಗುರುತು ಹೊರಗೆ ಬಿದ್ದರೆ ಕಾನೂನಿನ ಪ್ರಶ್ನೆ ಬರುತ್ತದೆ. ನಾನು ಕೊಟ್ಟ ಅರ್ಜಿ ಮೊದಲ ಸಲ "ಪರಿಶೀಲಿಸಲಾಗುವುದು" ಅಂತ ಮೂಲೆಗೆ ಹೋಯಿತು, ವಾರಗಟ್ಟಲೆ ಅಲ್ಲೇ ಇತ್ತು. ಗೆಳತಿ ಹೇಳಿದ ಮೇಲೆ ಬೇರೆ ಥರ ಬರೆದೆ. "ನನಗೆ ಒತ್ತಡ ಆಗುತ್ತಿದೆ" ಅನ್ನುವುದನ್ನು ಕೈಬಿಟ್ಟೆ. ಮಕ್ಕಳ ಸೆಷನ್‌ನ ಗುಣಮಟ್ಟ ಕಾಪಾಡಲು ಹದಿನೈದು ದಿನಕ್ಕೊಮ್ಮೆ ಒಂದು ಗಂಟೆ ಕೆಲಸದ ವೇಳೆಯಲ್ಲೇ ಬೇಕು ಅಂತ ಬರೆದೆ. ಜೊತೆಗೆ ಒಂದು ಗೋಪ್ಯತೆಯ ಪತ್ರ ಲಗತ್ತಿಸಿದೆ: ಮಗುವಿನ ಹೆಸರು, ಊರು, ಶಾಲೆ, ಎಫ್‌ಐಆರ್ ನಂಬರ್, ಆರೋಪಿಯ ಹೆಸರು ಯಾವುದನ್ನೂ ಹೇಳುವುದಿಲ್ಲ, ಫೈಲು ಅಥವಾ ಫೋಟೋ ಕಳಿಸುವುದಿಲ್ಲ, ಸೆಷನ್ ರೆಕಾರ್ಡ್ ಮಾಡುವುದಿಲ್ಲ, ಸೂಪರ್‌ವೈಸರ್ ಕೂಡ ಇದಕ್ಕೆ ಸಹಿ ಮಾಡುತ್ತಾರೆ. ಈ ಪತ್ರ ನೋಡಿದ ಮೇಲೆ ಒಪ್ಪಿಗೆ ಬಂತು. ಸಮಯ ಕೊಟ್ಟರು, ಫೀಸು ಕೊಡಲು ಬಜೆಟ್‌ನಲ್ಲಿ ಅವಕಾಶ ಇಲ್ಲ ಅಂದರು. ಅರ್ಜಿ ಹಾಕುವವರು ಆ ಪತ್ರವನ್ನು ಮೊದಲ ದಿನವೇ ಲಗತ್ತಿಸಿ. ನನಗೆ ಎರಡು ತಿಂಗಳು ಉಳಿಯುತ್ತಿತ್ತು.

ನಾವು ಸೇವೆ ಕೊಡುವ ಕುಟುಂಬಗಳಿಗೂ ತಿಳಿಸಬೇಕು. ಮೊದಲ ಭೇಟಿಯಲ್ಲೇ ತಾಯಿಗೆ ಹೀಗೆ ಹೇಳುತ್ತೇನೆ: "ನಾನು ಸರಿಯಾಗಿ ಕೆಲಸ ಮಾಡ್ತಿದ್ದೀನಾ ಅಂತ ಹಿರಿಯರೊಬ್ಬರ ಹತ್ತಿರ ಮಾತಾಡ್ತೀನಿ. ನಿಮ್ಮ ಹೆಸರು, ಊರು ಹೇಳಲ್ಲ." ಇದುವರೆಗೆ ಯಾರೂ ಬೇಡ ಅಂದಿಲ್ಲ. ಒಬ್ಬ ತಾಯಿ, "ಒಳ್ಳೇದೇ ಆಯ್ತು ಬಿಡವ್ವಾ, ನಿಂಗೂ ಯಾರಾದ್ರೂ ಬೇಕಲ್ಲ" ಅಂದರು.

ಸೂಪರ್‌ವೈಸರ್ ಹುಡುಕುವುದು ಇನ್ನೂ ಕಷ್ಟ ಆಯಿತು. ನಾನು ವಿಚಾರಿಸಿದವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಕೆಲವರಿಗೆ ಸಮಯ ಇರಲಿಲ್ಲ. ಕೆಲವರ ಫೀಸು ಒಂದು ಗಂಟೆಗೆ ಎರಡೂವರೆ ಸಾವಿರ, ನನ್ನ ಸಂಬಳಕ್ಕೆ ಅದು ಆಗದ ಮಾತು. ಒಬ್ಬರ ಜೊತೆ ಮಾತಾಡಿದೆ, ತುಂಬಾ ತಿಳಿದವರು, ಆದರೆ ಇಂಗ್ಲಿಷಿನಲ್ಲೇ ಮಾತಾಡಬೇಕಿತ್ತು. ಮಗು ನನಗೆ ಹೇಳಿದ್ದು ನಮ್ಮೂರ ಕನ್ನಡದಲ್ಲಿ. ಅದನ್ನು ಇಂಗ್ಲಿಷಿಗೆ ಮಾಡಿ ಹೇಳುವಾಗ ನಾನು ಚೆನ್ನಾಗಿಯೇ ವರದಿ ಕೊಡುತ್ತಿದ್ದೆ, ಆದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಭಾವನೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಲು ಕೂತವರು ಅದು ಹುಟ್ಟಿದ ಭಾಷೆಯಲ್ಲೇ ಮಾತಾಡಬೇಕು. ಕೊನೆಗೆ ಮಕ್ಕಳ ಆಘಾತದ ಕೆಲಸದಲ್ಲಿ ಬಹಳ ವರ್ಷ ಇದ್ದ, ಮೈಸೂರಿನ ಕಡೆಯ ಒಬ್ಬ ಮೇಡಂ ಸಿಕ್ಕರು. ಜಾಗ ಖಾಲಿಯಾಗುವವರೆಗೆ ಕಾಯಲು ಹೇಳಿದರು. ಕಾಯುವ ಆ ಸಮಯ ಬಹಳ ಉದ್ದ ಅನ್ನಿಸಿತು. ಫೀಸು ಆನ್‌ಲೈನ್‌ನಲ್ಲಿ ಗಂಟೆಗೆ 1200 ರೂಪಾಯಿ.

ಮೊದಲ ಮಾತುಕತೆಯಲ್ಲೇ ನಾನು ಕೇಳಿದ್ದು, ನೀವೂ ಕೇಳಬೇಕಾದ್ದು: ಇಂಥ ಪ್ರಕರಣಗಳಲ್ಲಿ ಅವರೇ ನೇರವಾಗಿ ಕೆಲಸ ಮಾಡಿದ್ದಾರಾ? ಅವರಿಗೂ ಸೂಪರ್‌ವಿಷನ್ ಇದೆಯಾ? ಎರಡು ಸೆಷನ್‌ಗಳ ಮಧ್ಯೆ ತುರ್ತು ಬಂದರೆ ಫೋನ್ ಮಾಡಬಹುದಾ? ನನ್ನ ಬಗ್ಗೆ ಆಫೀಸಿಗೆ ಏನನ್ನು ತಿಳಿಸುತ್ತಾರೆ, ಏನನ್ನು ತಿಳಿಸುವುದಿಲ್ಲ? ಕೊನೆಯ ಪ್ರಶ್ನೆಗೆ ಅವರು ಲಿಖಿತವಾಗಿ ಉತ್ತರ ಕೊಟ್ಟರು: ಹಾಜರಾತಿ ಮಾತ್ರ ತಿಳಿಸುತ್ತೇನೆ, ಯಾವುದಾದರೂ ಮಗುವಿಗೆ ಅಪಾಯ ಇದೆ ಅಂತ ಕಂಡರೆ ಮೊದಲು ನಿಮಗೆ ಹೇಳಿ ಆಮೇಲೆ ಆಫೀಸಿಗೆ ತಿಳಿಸುತ್ತೇನೆ.

ಇನ್ನೊಂದು ಸಣ್ಣ ತೊಡಕು, ಎಲ್ಲಿ ಕೂರುವುದು? ಆಫೀಸಿನ ಗೋಡೆ ಪ್ಲೈವುಡ್‌ನದು. ಮನೆಯಲ್ಲಿ ಅತ್ತೆ, ಮಗಳು ಇರುತ್ತಾರೆ. ಕೊನೆಗೆ ಪಕ್ಕದ ಶಾಲೆಯ ಹೆಡ್‌ಮೇಡಂ ಲೈಬ್ರರಿ ಕೋಣೆ ಬಿಟ್ಟುಕೊಟ್ಟರು. ಇಯರ್‌ಫೋನ್ ಹಾಕಿಕೊಂಡರೂ ನಾವು ಆಡುವ ಮಾತು ಹೊರಗೆ ಕೇಳಿಸುತ್ತದೆ, ಅದಕ್ಕೇ ಜಾಗ ಮೊದಲು ನೋಡಿಕೊಳ್ಳಿ.

ಮೊದಲ ಸೆಷನ್‌ಗೆ ನಾನು ಎಲ್ಲವನ್ನೂ ಹೊರಹಾಕುವ ತಯಾರಿಯಲ್ಲಿ ಹೋಗಿದ್ದೆ. ಮೇಡಂ ಎರಡನೇ ನಿಮಿಷದಲ್ಲೇ ತಡೆದರು. "ಏನಾಯಿತು ಅನ್ನೋ ವಿವರ ಈಗ ಬೇಡ. ನಿಮಗೆ ಏನಾಗ್ತಿದೆ ಅನ್ನೋದು ಮೊದಲು." ನನಗೆ ಬೇಸರವಾಯಿತು, ಕೇಳುವವರು ಸಿಕ್ಕರೂ ಹೇಳಲು ಬಿಡುತ್ತಿಲ್ಲವಲ್ಲ ಅನ್ನಿಸಿತು. ಅವರು ಕಾರಣ ಬಿಡಿಸಿ ಹೇಳಿದರು. ಭಯಾನಕ ವಿವರಗಳನ್ನು ಒಂದೇ ಸಮನೆ ಮತ್ತೆ ಮತ್ತೆ ಹೇಳಿದರೆ ನನ್ನೊಳಗಿನ ಚಿತ್ರ ಇನ್ನಷ್ಟು ಗಟ್ಟಿಯಾಗುತ್ತದೆ, ಜೊತೆಗೆ ಕೇಳುವವರಿಗೂ ದಾಟುತ್ತದೆ. ಸಹೋದ್ಯೋಗಿಗಳು ಟೀ ಕುಡಿಯುವಾಗ ಒಬ್ಬರಿಗೊಬ್ಬರು ಕೇಸಿನ ಕಥೆ ಹೇಳಿಕೊಳ್ಳುವುದರಲ್ಲೂ ಇದೇ ತೊಂದರೆ. ದೊಡ್ಡ ಘಟನೆಯ ಮರುದಿನ ಎಲ್ಲರನ್ನೂ ಕೂರಿಸಿ ಒಂದೇ ಸಲ ಎಲ್ಲ ಹೇಳಿಸುವ ಡೀಬ್ರೀಫಿಂಗ್ ಪದ್ಧತಿಯೂ ಮುಂದೆ ಬರುವ ಆಘಾತದ ತೊಂದರೆಯನ್ನು ತಡೆಯುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನು ಮಾಡಬೇಡಿ ಅನ್ನುತ್ತದೆ. ಹಾಗಾಗಿ ನಮ್ಮ ನಿಯಮ ಹೀಗಾಯಿತು: ವಿವರ ಹೇಳುವ ಮೊದಲು ಕೇಳುವುದು, ಎಷ್ಟು ಬೇಕೋ ಅಷ್ಟೇ ಹೇಳುವುದು, ಪ್ರತಿ ಸಲ ಒಂದೇ ಪ್ರಕರಣ.

ತಯಾರಿಗೆ ಅರ್ಧ ಪುಟ ಬರೆದು ತರಲು ಹೇಳಿದರು. ಪ್ರಕರಣ ಎರಡು ಸಾಲು. ಸೆಷನ್‌ನಲ್ಲಿ ನನ್ನ ಮೈಗೆ ಏನಾಯಿತು ಅನ್ನುವುದು ಎರಡು ಸಾಲು. ನಾನು ಏನು ಮಾಡಿದೆ, ಏನು ಮಾಡದೇ ಬಿಟ್ಟೆ. ಕೊನೆಗೆ ಒಂದು ಪ್ರಶ್ನೆ. ಆ ಪ್ರಶ್ನೆ ಬರೆಯಲು ನನಗೆ ಎಲ್ಲಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತಿತ್ತು.

ಎಲ್ಲವೂ ಸ್ಪಷ್ಟವಾಗಿದ್ದು ಒಂದು ಮಗುವಿನ ವಿಷಯದಲ್ಲಿ. ಒಂಬತ್ತು ವರ್ಷದ ಹುಡುಗಿ. ಅವಳು ನನಗೆ ಹೇಳಿದ್ದು ಬಹಳ ಕಡಿಮೆ, ಬಾಗಿಲಿನ ಚಿಲಕದ ಸದ್ದು ಕೇಳಿಸಿತು ಅಂದಿದ್ದಳು. ನನಗೆ ರಾತ್ರಿ ಎಚ್ಚರವಾಗುತ್ತಿದ್ದುದೂ ಆ ಚಿಲಕದ ಸದ್ದಿಗೇ. ಮೇಡಂ ಕೇಳಿದರು, "ನಿಮಗೆ ಕಾಣೋ ಬಾಗಿಲು ಯಾವ ಬಣ್ಣದ್ದು?" ಹಸಿರು, ಅಂದೆ. "ಆ ಮಗು ಬಣ್ಣ ಹೇಳಿತ್ತಾ?" ಇಲ್ಲ. "ಕೋಣೆಯಲ್ಲಿ ಇನ್ನೇನಿದೆ?" ಕಿಟಕಿ, ಗೋದ್ರೇಜ್ ಬೀರು, ಅದರ ಮೇಲೆ ಹಳೇ ಸೂಟ್‌ಕೇಸ್. ಹೇಳುತ್ತಿದ್ದ ಹಾಗೇ ನನಗೆ ಗೊತ್ತಾಯಿತು. ಅದು ನಮ್ಮ ಮನೆಯ ಕೋಣೆ, ನನ್ನ ಮಗಳು ಮಲಗುವ ಕೋಣೆ. ಮಗು ಹೇಳಿದ್ದು ಒಂದು ಸದ್ದು ಮಾತ್ರ. ಉಳಿದ ಇಡೀ ಚಿತ್ರವನ್ನು ನನ್ನ ಮನಸ್ಸೇ ನಮ್ಮ ಮನೆಯ ಸಾಮಾನಿನಿಂದ ಕಟ್ಟಿಕೊಂಡಿತ್ತು. ಅದರೊಳಗೆ ಇದ್ದದ್ದೂ ನನ್ನ ಮಗಳೇ.

ಮೇಡಂ ಆಗ ಒಂದು ವಿಷಯ ವಿವರಿಸಿದರು. ಕಷ್ಟದಲ್ಲಿರುವವರ ಮಾತನ್ನು ನಾವು ಎರಡು ರೀತಿ ಕೇಳಬಹುದು. ಒಂದು, "ಇದು ನನಗೆ ಆಗಿದ್ದರೆ, ನನ್ನ ಮಗುವಿಗೆ ಆಗಿದ್ದರೆ" ಅಂತ. ಇನ್ನೊಂದು, "ಈ ಮಗುವಿಗೆ ಈಗ ಏನನ್ನಿಸುತ್ತಿದೆ" ಅಂತ. ಡೇನಿಯಲ್ ಬ್ಯಾಟ್ಸನ್ ಅನ್ನುವ ಮನಶ್ಶಾಸ್ತ್ರಜ್ಞ ಮತ್ತು ಅವರ ಜೊತೆಯವರು 1997ರಲ್ಲಿ ಈ ಎರಡನ್ನೂ ಹೋಲಿಸಿ ನೋಡಿದ್ದರು. ಎರಡರಲ್ಲೂ ಕನಿಕರ ಹುಟ್ಟುತ್ತದೆ, ಆದರೆ ಮೊದಲನೆಯ ರೀತಿಯಲ್ಲಿ ಕೇಳಿದಾಗ ಅದರ ಜೊತೆ ನಮ್ಮದೇ ಸಂಕಟವೂ ಏಳುತ್ತದೆ. ಸಂಕಟ ಎದ್ದಾಗ ನಾವು ಅಲ್ಲಿಂದ ಹೊರಬರಲು ನೋಡುತ್ತೇವೆ. ನಾನು ಬಣ್ಣದ ಪೆನ್ಸಿಲ್ ತೆಗೆಯುತ್ತಿದ್ದುದು ಅದಕ್ಕೇ. ಮಗುವನ್ನು ಕಡಿಮೆ ಪ್ರೀತಿಸಿ ಅಂತ ಮೇಡಂ ಹೇಳಲಿಲ್ಲ. ಮಗುವಿನ ಕಡೆ ನೋಡಿ ಅಂದರು. ಮುಂದಿನ ಸೆಷನ್‌ನಲ್ಲಿ ಹಸಿರು ಬಾಗಿಲು ಕಾಣಿಸಿಕೊಂಡರೆ ಮಾಡಬೇಕಾದ ಕೆಲಸ ಒಂದೇ: ಪಾದವನ್ನು ನೆಲಕ್ಕೆ ಒತ್ತಿ, ಎದುರಿಗಿರುವ ಮಗುವಿನ ಕೈ ಈಗ ಏನು ಮಾಡುತ್ತಿದೆ ಅಂತ ನೋಡುವುದು. ಕೈ ಫ್ರಾಕಿನ ಅಂಚನ್ನು ತಿರುಚುತ್ತಿದೆಯಾ, ಸುಮ್ಮನಿದೆಯಾ?

ಮಾಡಿ ನೋಡಿದೆ. ಮಗು ಮತ್ತೆ ಚಿಲಕದ ಮಾತು ತೆಗೆದಾಗ ನಾನು ಪೆನ್ಸಿಲ್ ತೆಗೆಯಲಿಲ್ಲ. ಅವಳ ಕೈ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿನ ಮೇಲೆ ಅವಳು, "ನಮ್ಮ ಅಮ್ಮ ಈಗ ಆ ಚಿಲಕ ತೆಗೆಸಿದ್ದಾಳೆ" ಅಂದಳು. ಅದನ್ನು ಹೇಳಲು ಅವಳು ಎಷ್ಟು ವಾರದಿಂದ ಕಾಯುತ್ತಿದ್ದಳೋ. ಹಸಿರು ಬಾಗಿಲು ಒಂದೇ ದಿನದಲ್ಲಿ ಹೋಗಲಿಲ್ಲ. ಆದರೆ ಬಂದಾಗ ಅದು ನಮ್ಮ ಮನೆಯದು ಅಂತ ನನಗೆ ಗೊತ್ತಿರುತ್ತಿತ್ತು, ಮತ್ತೆ ಮಲಗಲು ಆಗುತ್ತಿತ್ತು.

ಇದನ್ನು ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣ ಇದೆ. ಸೂಪರ್‌ವಿಷನ್ ಅಂದರೆ ಮನಸ್ಸು ಹಗುರ ಮಾಡಿಕೊಳ್ಳುವ ಜಾಗ ಅಂತ ತುಂಬಾ ಜನ ತಿಳಿದಿದ್ದಾರೆ. ಹಗುರ ಆಗುವುದು ನಿಜ, ಆದರೆ ಕೆಲಸ ಮಾಡುವುದು ಈ ಹುಡುಕಾಟ. ಯಾವ ಕಥೆ ನಮ್ಮೊಳಗೆ ಯಾವ ದಾರಿಯಿಂದ ಬಂತು ಅಂತ ಒಂದೊಂದಾಗಿ ನೋಡುವುದು. ಇದು ಒಬ್ಬರೇ ಮಾಡಲು ಆಗುವುದಿಲ್ಲ, ನಮ್ಮ ಕೋಣೆ ನಮಗೆ ಕಾಣುವುದಿಲ್ಲ. ನಿಯಮಿತವಾಗಿ ಇರಬೇಕು ಅನ್ನುವುದೂ ಅದಕ್ಕೇ. ಕಷ್ಟ ಬಂದಾಗ ಮಾತ್ರ ಫೋನ್ ಮಾಡುತ್ತಿದ್ದರೆ ನಾನು ಈ ಮಗುವಿನ ವಿಷಯ ಎತ್ತುತ್ತಲೇ ಇರಲಿಲ್ಲ. ಅದು ನನ್ನ ಪಟ್ಟಿಯಲ್ಲಿ ದೊಡ್ಡ ಪ್ರಕರಣವೇ ಆಗಿರಲಿಲ್ಲ. ಅವತ್ತು ಬೇರೇನೂ ಇಲ್ಲವಲ್ಲ ಅಂತ ತೆಗೆದುಕೊಂಡು ಹೋಗಿದ್ದು.

ಎರಡನೆಯದು ಕೋರ್ಟಿನ ವಿಷಯ. ಪೋಕ್ಸೋ ಕಾಯ್ದೆಯ 35ನೇ ಕಲಂ ಪ್ರಕಾರ ಕೋರ್ಟು ಪ್ರಕರಣವನ್ನು ಕೈಗೆತ್ತಿಕೊಂಡ 30 ದಿನದೊಳಗೆ ಮಗುವಿನ ಸಾಕ್ಷ್ಯ ದಾಖಲಾಗಬೇಕು, ಆದಷ್ಟು ಮಟ್ಟಿಗೆ ಒಂದು ವರ್ಷದೊಳಗೆ ವಿಚಾರಣೆ ಮುಗಿಯಬೇಕು. ನಾನು ಕಂಡ ಪ್ರಕರಣಗಳು ಹಾಗೆ ನಡೆಯಲಿಲ್ಲ. ದಿನಾಂಕ ಮುಂದೆ ಹೋದಾಗಲೆಲ್ಲ ತಾಯಿ ನನಗೆ ಫೋನ್ ಮಾಡಿ ಅಳುತ್ತಿದ್ದರು. ನಾನು ವಕೀಲರಿಗೆ, ಪೊಲೀಸರಿಗೆ, ಎಲ್ಲರಿಗೂ ಫೋನ್ ಮಾಡುತ್ತಾ ರಾತ್ರಿ ಒಂಬತ್ತಾಗುತ್ತಿತ್ತು. ಸೂಪರ್‌ವಿಷನ್‌ನಲ್ಲಿ ನಾನು ಮೇಡಂಗೂ ಅದೇ ಧಾಟಿಯಲ್ಲಿ, "ಏನಾದ್ರೂ ಮಾಡಿ ಮೇಡಂ" ಅನ್ನುತ್ತಿದ್ದೆ. ಅವರು ಅದನ್ನು ಗುರುತಿಸಿದರು. "ತಾಯಿ ನಿಮ್ಮ ಹತ್ತಿರ ಬಂದ ಹಾಗೆ ನೀವು ನನ್ನ ಹತ್ತಿರ ಬರ್ತಿದ್ದೀರಿ. ನನಗೂ ಈಗ ಯಾರಿಗಾದರೂ ಫೋನ್ ಮಾಡಬೇಕು ಅನ್ನಿಸ್ತಿದೆ." ಒಂದು ಮನೆಯ ಅಸಹಾಯಕತೆ ಹೀಗೆ ಕೈಯಿಂದ ಕೈಗೆ ದಾಟುತ್ತದೆ. ಹಾಳೆಯಲ್ಲಿ ಎರಡು ಪಟ್ಟಿ ಮಾಡಿದೆವು: ನನ್ನ ಕೈಯಲ್ಲಿರುವುದು, ಇಲ್ಲದ್ದು. ದಿನಾಂಕ ನನ್ನ ಕೈಯಲ್ಲಿಲ್ಲ. ದಿನಾಂಕ ಮುಂದೆ ಹೋಗಬಹುದು ಅಂತ ತಾಯಿಗೆ ಮೊದಲೇ ಹೇಳುವುದು, ಕೋರ್ಟಿನ ಹಿಂದಿನ ದಿನ ಮಗುವಿನ ಜೊತೆ ಕೂರುವುದು, ಇವು ನನ್ನವು. ಆ ಪಟ್ಟಿ ಈಗಲೂ ನನ್ನ ಡೈರಿಯಲ್ಲಿದೆ.

ಇದರಿಂದ ಕೆಲಸದ ದಿನಚರಿಯೂ ಬದಲಾಯಿತು. ಮಗು ಮೊದಲ ಸಲ ಬಾಯಿಬಿಡುವಂಥ ಸೆಷನ್ ಎರಡು ಒಂದರ ಹಿಂದೆ ಒಂದು ಇಡುವುದಿಲ್ಲ. ಮಧ್ಯೆ ಹದಿನೈದು ನಿಮಿಷ ಬಿಡುತ್ತೇನೆ, ಆ ಹೊತ್ತಿನಲ್ಲಿ ಟಿಪ್ಪಣಿ ಬರೆದು ಫೈಲು ಮುಚ್ಚುತ್ತೇನೆ. ಮುಗಿದ ಪ್ರಕರಣಕ್ಕೂ ಮುಕ್ತಾಯದ ಒಂದು ಪುಟ ಬರೆದು ಸೂಪರ್‌ವಿಷನ್‌ಗೆ ಒಯ್ಯುತ್ತೇನೆ. ಕುಟುಂಬ ಊರು ಬಿಟ್ಟು ಹೋಗಿ ಮುಂದೇನಾಯಿತು ಅಂತ ಗೊತ್ತಾಗದ ಮಕ್ಕಳೇ ನಮ್ಮಲ್ಲಿ ಜಾಸ್ತಿ ಉಳಿದುಬಿಡುತ್ತಾರೆ, ಅದಕ್ಕೆ.

ನಡುವೆ ಒಮ್ಮೆ ಸ್ಥಿತಿ ಕೆಟ್ಟಿತು. ಒಂದು ಕಡೆ ಮಗುವೊಂದು ತೀರಿಕೊಂಡ ಸುದ್ದಿ ಬಂತು. ಊಟ ಸೇರಲಿಲ್ಲ, ಬಸ್ಸಿನಲ್ಲಿ ಉಸಿರು ಕಟ್ಟಿದ ಹಾಗಾಯಿತು. ಮೇಡಂ ಸ್ಪಷ್ಟವಾಗಿ ಹೇಳಿದರು, "ಇದು ನನ್ನ ಕೆಲಸ ಅಲ್ಲ. ನಾನು ನಿಮ್ಮ ಸೂಪರ್‌ವೈಸರ್, ಚಿಕಿತ್ಸೆ ಕೊಡೋಳಲ್ಲ. ಮನೋವೈದ್ಯರನ್ನು ನೋಡಿ." ಜಿಲ್ಲಾ ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಹೋದೆ. ಹೊರರೋಗಿ ಚೀಟಿ ಮಾಡಿಸಿ, ಮಧ್ಯಾಹ್ನದವರೆಗೆ ಸಾಲಿನಲ್ಲಿ ಕೂತೆ. ನಾನು ಬೇರೆಯವರನ್ನು ಕರೆತರುವ ಅದೇ ಬೆಂಚು. ಪರಿಚಯದ ಅಟೆಂಡರ್ ಬಂದು "ಯಾರನ್ನು ಕರ್ಕೊಂಡು ಬಂದ್ರಿ ಮೇಡಂ?" ಅಂದಾಗ "ನನಗೇ" ಅಂದೆ. ಸಂಕೋಚ ಆಯಿತು, ಆದರೂ ಅವತ್ತು ಎದ್ದು ಹೋಗದೇ ಇದ್ದದ್ದು ಒಳ್ಳೆಯದಾಯಿತು. ಕೆಲವು ತಿಂಗಳು ಮಾತ್ರೆ ತೆಗೆದುಕೊಂಡೆ, ವೈದ್ಯರು ಹೇಳಿದ ಮೇಲೆ ನಿಲ್ಲಿಸಿದೆ. ನಿದ್ದೆ ವಾರಗಟ್ಟಲೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ಬದುಕೇ ಬೇಡ ಅನ್ನಿಸಿದರೆ ಮುಂದಿನ ಸೂಪರ್‌ವಿಷನ್‌ಗೆ ಕಾಯಬೇಡಿ. ಹತ್ತಿರದ ಮನೋವೈದ್ಯರು ಯಾರೂ ಇಲ್ಲದಿದ್ದರೆ ಸರ್ಕಾರದ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬಹುದು.

ತಿಂಗಳಿಗೆ 2400 ರೂಪಾಯಿ ಹೊಂದಿಸುವುದು ಕಷ್ಟ ಆಗುತ್ತಾ ಬಂತು. ಆಗ ಅಕ್ಕಪಕ್ಕದ ಜಿಲ್ಲೆಗಳ ನಾಲ್ವರು ಸೇರಿ ಒಂದು ಗುಂಪು ಮಾಡಿಕೊಂಡೆವು. ಈಗ ತಿಂಗಳಲ್ಲಿ ಒಂದು ಸಲ ನನ್ನೊಬ್ಬಳ ಸೆಷನ್, ಒಂದು ಸಲ ಗುಂಪಿನದು. ಗುಂಪಿನದು ಒಂದೂವರೆ ಗಂಟೆ, ತಲಾ 450 ರೂಪಾಯಿ. ಗುಂಪಿನಲ್ಲಿ ಸಿಗುವ ದೊಡ್ಡ ಲಾಭ, ನನಗೊಬ್ಬಳಿಗೇ ಹೀಗಲ್ಲ ಅಂತ ಕಣ್ಣಾರೆ ಕಾಣುವುದು. ಅಪಾಯವೂ ಇದೆ. ಪಕ್ಕದ ಜಿಲ್ಲೆಯವರಿಗೆ ಪೇಪರಿನಲ್ಲಿ ಬಂದ ಪ್ರಕರಣ ಎರಡೇ ವಾಕ್ಯದಲ್ಲಿ ಗುರುತು ಸಿಕ್ಕಿಬಿಡುತ್ತದೆ. ಅಂಥದ್ದನ್ನು ನಾವು ಗುಂಪಿಗೆ ತರುವುದಿಲ್ಲ, ಒಬ್ಬರೇ ಇದ್ದಾಗ ಮಾತಾಡುತ್ತೇವೆ. ಮೇಡಂ ಇಲ್ಲದೇ ನಾವೇ ಕೂತ ಒಂದು ಸಲ ಮಾತು ಇಲಾಖೆಯನ್ನು ಬೈಯುವುದರಲ್ಲೇ ಮುಗಿಯಿತು. ಬೈಯುವಾಗ ಹಿತವಾಗಿತ್ತು, ಮನೆಗೆ ಬಂದಾಗ ಇನ್ನೂ ಸುಸ್ತಾಗಿದ್ದೆ. ನಡೆಸಿಕೊಡುವವರು ಒಬ್ಬರು ಬೇಕೇ ಬೇಕು.

ಮೊನ್ನೆ ಅದೇ ಫಾರ್ಮ್ ಮತ್ತೆ ತುಂಬಿದೆ. ಆಘಾತದ ಒತ್ತಡ 43ರಿಂದ 29ಕ್ಕೆ ಇಳಿದಿದೆ. ಮಾತ್ರೆಯ ಪಾಲೂ ಇದರಲ್ಲಿ ಇದೆ, ಎಲ್ಲವೂ ಸೂಪರ್‌ವಿಷನ್‌ನಿಂದಲೇ ಅಂತ ಹೇಳಲಾರೆ. ಬಳಲಿಕೆ 30 ಇದ್ದದ್ದು 29. ಅಲ್ಲಿ ಹೆಚ್ಚೇನೂ ಆಗಿಲ್ಲ, ಆಗುವಂತೆಯೂ ಇರಲಿಲ್ಲ. ಇಬ್ಬರು ಮಾಡಬೇಕಾದ ಕೆಲಸ ಈಗಲೂ ನಾನೊಬ್ಬಳೇ ಮಾಡುತ್ತಿದ್ದೇನೆ, ಸಂಬಳ ಈಗಲೂ ಎರಡು ಮೂರು ತಿಂಗಳಿಗೊಮ್ಮೆ ಒಟ್ಟಿಗೆ ಬರುತ್ತದೆ. ಇದನ್ನು ಯಾವ ಸೂಪರ್‌ವೈಸರ್ ಕೂಡ ಸರಿಮಾಡಲು ಆಗುವುದಿಲ್ಲ. ಸೂಪರ್‌ವಿಷನ್ ಕೊಟ್ಟಿದ್ದೇವಲ್ಲ, ಇನ್ನೂ ಹತ್ತು ಪ್ರಕರಣ ನೋಡಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಆಟೋ ಅಣ್ಣನ ಜೊತೆ ಮಗಳನ್ನು ಮತ್ತೆ ಕಳಿಸುತ್ತಿದ್ದೇನೆ. ಭಾವನ ವಿಷಯದಲ್ಲಿ ಇನ್ನೂ ಒಮ್ಮೊಮ್ಮೆ ಎದೆ ಬಿಗಿಯುತ್ತದೆ. ಬದಲಾದ ನಂಬಿಕೆ ಎಲ್ಲಕ್ಕಿಂತ ನಿಧಾನವಾಗಿ ಹಿಂದಿರುಗುತ್ತದೆ ಅಂತ ಮೇಡಂ ಮೊದಲೇ ಹೇಳಿದ್ದರು.

ಆಫೀಸಿನಲ್ಲಿ ಈಗ ಇನ್ನೊಬ್ಬ ಕೇಸ್ ವರ್ಕರ್‌ಗೂ ಅದೇ ಒಂದು ಗಂಟೆ ಸಿಕ್ಕಿದೆ, ನನ್ನ ಗೋಪ್ಯತೆಯ ಪತ್ರವನ್ನೇ ಅವಳಿಗೂ ಬಳಸಿದ್ದಾರೆ. ಫೀಸನ್ನು ತರಬೇತಿ ಖರ್ಚಿನಲ್ಲಿ ಸೇರಿಸಿ ಅಂತ ನಾವು ನಾಲ್ವರೂ ನಮ್ಮ ನಮ್ಮ ಜಿಲ್ಲೆಯಲ್ಲಿ ಒಂದೇ ಮಾದರಿಯ ಮನವಿ ಕೊಟ್ಟಿದ್ದೇವೆ. ಒಂದು ಜಿಲ್ಲೆಯಿಂದ ವಿವರ ಕೇಳಿ ಪತ್ರ ಬಂದಿದೆ. ಉಳಿದ ಮೂರು ಕಡೆಯಿಂದ ಇನ್ನೂ ಉತ್ತರ ಬಂದಿಲ್ಲ.